ಬೋರ್ಡಿನ ನಡುಭಾಗ ಫಲಿತಾಂಶಕ್ಕೆ

“ಮಗಳು ಎಂಟನೇ ಕ್ಲಾಸು, ದಾವಣಗೆರೆ. ಉಪ್ಪುನೀರಲ್ಲಿ ಮೆಕ್ಕೆಜೋಳ ಮೊಳೆಯುತ್ತಾ ಅನ್ನೋ ಪ್ರಾಜೆಕ್ಟ್. ಮೂರು ಮಡಿಕೆಯ ಬೋರ್ಡಲ್ಲಿ ಯಾವುದನ್ನ ಎಲ್ಲಿ ಅಂಟಿಸೋದು?”

ನಡುವಿನ ಅಗಲವಾದ ಭಾಗವನ್ನು ಫಲಿತಾಂಶಕ್ಕೇ ಬಿಡಿ ಸರ್, ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಒಂದು ದೊಡ್ಡ ಬಾರ್ ಗ್ರಾಫ್ ಸಾಕು: ಅಡ್ಡಕ್ಕೆ ಲೀಟರಿಗೆ 0, 5, 10 ಗ್ರಾಂ ಉಪ್ಪು, ಮೇಲಕ್ಕೆ 20 ಕಾಳಿನಲ್ಲಿ ಮೊಳೆತದ್ದೆಷ್ಟು. ಎಡಕ್ಕೆ ಉದ್ದೇಶ, ಒಂದೇ ವಾಕ್ಯ. ಅದರ ಕೆಳಗೆ ವಿಧಾನ, ತಟ್ಟೆಗಳ ಫೋಟೋ ಜೊತೆಗೆ. ತೀರ್ಮಾನ ಬಲಕ್ಕೆ.

ಮೇಲಿನ ಶೀರ್ಷಿಕೆಯ ಅಕ್ಷರ ಮೂರು ಇಂಚು, ‘ಉದ್ದೇಶ’, ‘ವಿಧಾನ’ ಇಂಥವು ಒಂದೂವರೆ ಇಂಚು ಇರಲಿ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ ಅಲ್ವಾ, ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಸುಮ್ನೆ ಮಿನುಗು ಪೇಪರ್ ಬೇಡ, ಲೈಟ್ ಬಿದ್ದರೆ ಅಕ್ಷರ ಕಾಣುವುದಿಲ್ಲ. ಅಂಟು ಹಚ್ಚುವ ಮುಂಚೆ ಎಲ್ಲವನ್ನೂ ಪಿನ್ನಿನಲ್ಲಿ ನಿಲ್ಲಿಸಿ, ಆರು ಅಡಿ ದೂರದಿಂದ ಓದಿ ನೋಡಿ.