ಮಾರ್ಕೆಟ್ ಬಿದ್ದಾಗ ಟ್ರೇಡಿಂಗ್ ಬಂದ್ ಯಾಕೆ?

"ಷೇರು ಬೀಳ್ತಾ ಇರುವಾಗಲೇ ಟ್ರೇಡಿಂಗ್ ನಿಲ್ಲಿಸ್ತಾರಲ್ಲ, ಯಾಕೆ?"

2020ರ ಮಾರ್ಚ್ 13ರ ಬೆಳಿಗ್ಗೆ ಜಯನಗರದ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ. ಮೊಬೈಲಿನಲ್ಲಿ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಶೇ. 10 ಬಿದ್ದು ಅಲ್ಲೇ ನಿಂತುಬಿಟ್ಟಿತು. ನೆಟ್ ಹೋಯಿತೇನೋ ಅಂದುಕೊಂಡೆ! ಅದು ಸರ್ಕ್ಯೂಟ್ ಬ್ರೇಕರ್, ಅಂದರೆ ಮಾರ್ಕೆಟ್ ವಿಪರೀತ ಬಿದ್ದಾಗ ಸ್ವಲ್ಪ ಹೊತ್ತು ಟ್ರೇಡಿಂಗ್ ನಿಲ್ಲಿಸುವ ವ್ಯವಸ್ಥೆ.

ಅಂಥ ಹೊತ್ತಲ್ಲಿ ಮಾರುವವರೇ ಜಾಸ್ತಿ, ಕೊಳ್ಳುವವರು ಹಿಂದೆ ಸರಿದಿರುತ್ತಾರೆ. ಸಾಲದಲ್ಲಿ ಕೊಂಡವರು ದುಡ್ಡು ತುಂಬದಿದ್ದರೆ ಅವರ ಷೇರನ್ನು ಬ್ರೋಕರೇ ಮಾರುತ್ತಾನೆ, ಬೆಲೆ ಇನ್ನೂ ಬೀಳುತ್ತೆ. ಬಿಡುವು ಸಿಕ್ಕರೆ ದುಡ್ಡು ಹೊಂದಿಸಬಹುದು, ಯೋಚಿಸಬಹುದು. ಮಧ್ಯಾಹ್ನ 1 ಗಂಟೆಗೆ ಮೊದಲು ಶೇ. 10 ಬಿದ್ದರೆ 45 ನಿಮಿಷ ಬಂದ್. ಆಮೇಲೆ 15 ನಿಮಿಷ ಎಲ್ಲರ ಆರ್ಡರ್ ಒಟ್ಟು ಸೇರಿಸಿ, ಶುರುವಿನ ಬೆಲೆ ಹುಡುಕುತ್ತಾರೆ.

ಅವತ್ತು ನಿಫ್ಟಿ ಏರಿಯೇ ಮುಗಿಯಿತು. ಮಾರ್ಚ್ 23ಕ್ಕೂ ಹೀಗೇ ನಿಲ್ಲಿಸಿದರು, ಆದರೂ ಸಂಜೆಗೆ ಸುಮಾರು ಶೇ. 13 ಬಿದ್ದಿತ್ತು.