ಬಿಳಿ ಕಂಡವರ ಪರವಾಗಿ

“ಸಂಪಾದಕರೇ, 2015ರಲ್ಲಿ ಬಣ್ಣದ ಜಗಳ ಎಬ್ಬಿಸಿದ್ದ ಆ ಪಟ್ಟಿ ಉಡುಪಿನ ಚಿತ್ರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಮತ್ತೆ ಬಂತು. ನನಗೆ ಕಾಣುವುದು ಬಿಳಿ ಮತ್ತು ಚಿನ್ನದ ಬಣ್ಣ. ಮಿಕ್ಕವರಿಗೆಲ್ಲ ನೀಲಿ, ಕಪ್ಪು. ‘ಅತ್ತೆಗೆ ಮೊದಲು ಕನ್ನಡಕ ಕೊಡಿಸಿ’ ಎಂಬ ಜೋಕು ಇನ್ನೂ ನಿಂತಿಲ್ಲ. ಉಡುಪು ನಿಜಕ್ಕೂ ನೀಲಿಯಂತೆ. ಹಾಗಾದರೆ ದೋಷ ನನ್ನ ಕಣ್ಣಿನದೇ?”
— ನಿಮ್ಮ ಹಳೆಯ ಓದುಗರು

ಅಲ್ಲ ಅಮ್ಮ, ಖಂಡಿತ ಅಲ್ಲ. ಅಂಗಡಿಯಲ್ಲಿ ಮಾರಾಟವಾದ ಉಡುಪು ನೀಲಿ-ಕಪ್ಪು ಎನ್ನುವುದು ನಿಜ. ನಿಮ್ಮ ಮನೆಯವರಿಗೆ ಅಷ್ಟು ಅಂಕ ಕೊಟ್ಟುಬಿಡೋಣ. ಆದರೆ ಅವರು ನೋಡಿದ್ದು ಉಡುಪನ್ನಲ್ಲ, ಅದರ ಒಂದು ಕೆಟ್ಟ ಫೋಟೋವನ್ನು. ಆ ಫೋಟೋದ ಮಟ್ಟಿಗೆ ನಾನು ನಿಮ್ಮ ಪಕ್ಷ.

ನಮ್ಮ ಕಚೇರಿಯಲ್ಲೂ ಈ ಜಗಳ ಎದ್ದಿತ್ತು. ಪುಟವಿನ್ಯಾಸ ಮಾಡುವ ಸಹೋದ್ಯೋಗಿ ಬಾಯಿ ಬಿಡದೆ ಚಿತ್ರವನ್ನು ತೆರೆಯ ಮೇಲೆ ಹಿಗ್ಗಿಸಿ, ಬಣ್ಣ ಅಳೆಯುವ ಐಡ್ರಾಪರನ್ನು ಪಟ್ಟಿಗಳ ಮೇಲಿಟ್ಟರು. ತಿಳಿ ಪಟ್ಟಿಯಲ್ಲಿ ಸಿಕ್ಕಿದ್ದು ಬೂದು ಬೆರೆತ ನಸುನೀಲಿ. ಗಾಢ ಪಟ್ಟಿಯಲ್ಲಿ ಕಂದು. ಬಿಳಿ ಅಲ್ಲಿರಲಿಲ್ಲ, ಕಪ್ಪೂ ಇರಲಿಲ್ಲ. ಅಂದರೆ ‘ಕಪ್ಪು’ ಎಂದವರೂ ನಿಮ್ಮಷ್ಟೇ ಊಹಿಸಿದ್ದರು.

ಊಹೆ ನಡೆಯುವುದು ಹೀಗೆ. ಕಣ್ಣಿಗೆ ಬೀಳುವ ಬಣ್ಣದಲ್ಲಿ ವಸ್ತುವಿನ ಪಾಲೂ ಇರುತ್ತದೆ, ಅದರ ಮೇಲೆ ಬಿದ್ದ ಬೆಳಕಿನ ಪಾಲೂ ಇರುತ್ತದೆ. ಮಿದುಳು ಬೆಳಕಿನ ಪಾಲನ್ನು ಅಂದಾಜಿಸಿ ಕಳೆಯುತ್ತದೆ. ಅದಕ್ಕೇ ಬಿಳಿ ಹಾಳೆ ಹಗಲಿನ ನೆರಳಿನಲ್ಲೂ ಬಿಳಿ, ಹಳದಿ ಬಲ್ಬಿನ ಕೆಳಗೂ ಬಿಳಿ. ಈ ಫೋಟೋದಲ್ಲಿ ಹಿಂಬದಿ ಬೆಳಕಿನಲ್ಲಿ ಕೊಚ್ಚಿಹೋಗಿದೆ, ಉಡುಪೇ ಚೌಕಟ್ಟನ್ನೆಲ್ಲ ತುಂಬಿಕೊಂಡಿದೆ, ಹೋಲಿಸಿ ನೋಡಲು ಒಂದು ಮುಖವೂ ಇಲ್ಲ. ಉಡುಪು ನೆರಳಿನಲ್ಲಿದೆ ಎಂದುಕೊಂಡರೆ ಮಿದುಳು ನೆರಳಿನ ನೀಲಿಯನ್ನು ಕಳೆಯುತ್ತದೆ. ಉಳಿಯುವುದು ಬಿಳಿ ಮತ್ತು ಚಿನ್ನ. ಹಳದಿ ದೀಪ ನೇರವಾಗಿ ಬಿದ್ದಿದೆ ಎಂದುಕೊಂಡರೆ ಹಳದಿಯನ್ನು ಕಳೆಯುತ್ತದೆ. ಉಳಿಯುವುದು ನೀಲಿ ಮತ್ತು ಕಪ್ಪು. ಎರಡೂ ಲೆಕ್ಕ ಸರಿ, ಹೊರಟ ಜಾಗ ಬೇರೆ.

ನೀವು ಒಂಟಿಯೂ ಅಲ್ಲ. ಬಣ್ಣದ ದೃಷ್ಟಿಯನ್ನು ಅಧ್ಯಯನ ಮಾಡುವ ವಿಜ್ಞಾನಿ ಬೆವಿಲ್ ಕಾನ್‌ವೇ ಮತ್ತು ಸಂಗಡಿಗರು 2015ರಲ್ಲೇ 1,401 ಜನರನ್ನು ಕೇಳಿದಾಗ ನೂರಕ್ಕೆ 57 ಮಂದಿ ನೀಲಿ-ಕಪ್ಪು ಎಂದರು, 30 ಮಂದಿ ಬಿಳಿ-ಚಿನ್ನ. ನೀಲಿ-ಕಂದು ಎಂದವರೂ 11 ಮಂದಿ ಇದ್ದರು. ಪುಟವಿನ್ಯಾಸದವರ ಅಳತೆಗೆ ಎಲ್ಲರಿಗಿಂತ ಹತ್ತಿರ ಬಂದ ಈ ಪಂಗಡದ ಮೇಲೆ ಯಾರೂ ಒಂದು ಜೋಕೂ ಕಟ್ಟಲಿಲ್ಲ!

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪಾಸ್ಕಲ್ ವಾಲಿಶ್ 2017ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಇಟ್ಟುಕೊಂಡು ಬರೆದರು: ನೆರಳಿದೆ ಎಂದು ನಂಬಿದವರಿಗೆ ಬಿಳಿ-ಚಿನ್ನ ಕಾಣುವುದು ಹೆಚ್ಚು. ಬೇಗ ಏಳುವವರಿಗೂ, ತಡರಾತ್ರಿ ಕೂರುವವರಿಗಿಂತ, ಅದೇ ಕಾಣುವುದು ತುಸು ಹೆಚ್ಚು. ಬಹುಶಃ ಹಗಲಿನ ಬೆಳಕಿನ ರೂಢಿಯಿಂದ. ಆದರೆ ವ್ಯತ್ಯಾಸ ಸಣ್ಣದು. ಏಳುವ ಹೊತ್ತು ಕೇಳಿ ಒಬ್ಬರ ಉತ್ತರ ಹೇಳಲಾಗದು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರ ಮುಂದಿನ ಕೆಲಸ. ವಿವರಣೆ ನಿಜವಾದರೆ ಇಂಥ ಚಿತ್ರವನ್ನು ಬೇಕೆಂದೇ ತಯಾರಿಸಲು ಬರಬೇಕಲ್ಲ? ಗುಲಾಬಿ ಬಣ್ಣದ ರಬ್ಬರ್ ಚಪ್ಪಲಿಗೆ ಬಿಳಿ ಕಾಲುಚೀಲ ಜೊತೆಮಾಡಿ, ಹಸಿರು ಬೆಳಕು ಬಿಟ್ಟು ಫೋಟೋ ತೆಗೆದರು. ಚಪ್ಪಲಿ ಬೂದಾಯಿತು, ಕಾಲುಚೀಲ ಹಸಿರಾಯಿತು. ಕೆಲವರು ಕಂಡದ್ದು ಹಾಗೆಯೇ. ಕಾಲುಚೀಲ ಬಿಳಿಯೇ ಇರಬೇಕು ಎಂದುಕೊಂಡವರು ಮಾತ್ರ ಹಸಿರನ್ನು ಕಳೆದು, ಬೂದು ಚಪ್ಪಲಿಯಲ್ಲಿ ಗುಲಾಬಿಯನ್ನೇ ಕಂಡರು. ಒಂದೇ ಪದ ಕೆಲವರಿಗೆ ‘ಲಾರೆಲ್’, ಕೆಲವರಿಗೆ ‘ಯಾನಿ’ ಎಂದು ಕೇಳಿಸಿದ 2018ರ ಧ್ವನಿಯಲ್ಲೂ ಹೀಗೆಯೇ ಎರಡು ದಾರಿಯಿತ್ತು: ತಗ್ಗಿದ ಕಂಪನಗಳಿಗೆ ಕಿವಿ ಒಲಿದವರಿಗೆ ಲಾರೆಲ್, ಏರಿದವುಗಳಿಗೆ ಒಲಿದವರಿಗೆ ಯಾನಿ.

ಜೋಕುಗಳ ಮೇಲೆ ನನಗೆ ಕೋಪವಿಲ್ಲ. ಕೋಪವಿರುವುದು ಅವುಗಳ ಬೆನ್ನಿಗೇ ಬರುವ ಫಾರ್ವರ್ಡುಗಳ ಮೇಲೆ. ಗುಲಾಬಿಯೋ ಬೂದೋ ಎಂದು ಜಗಳ ಹುಟ್ಟಿಸಿದ ಇನ್ನೊಂದು ಶೂ ಚಿತ್ರಕ್ಕೆ, “ಗುಲಾಬಿ ಕಂಡರೆ ನಿಮ್ಮ ಬಲ ಮಿದುಳು ಚುರುಕು” ಎಂಬ ಟಿಪ್ಪಣಿ ಅಂಟಿಸಿ ಹರಡಿದರು. ಅದಕ್ಕೆ ಬುಡವೇ ಇಲ್ಲ. ಒಂದು ಒಳ್ಳೆಯ ಪ್ರಶ್ನೆ ಜನರ ಬಾಯಿಗೆ ಬಂದ ಹೊತ್ತಿನಲ್ಲೇ ಅದರ ಮೇಲೆ ಸುಳ್ಳು ಉತ್ತರ ಹೊದಿಸುತ್ತಾರೆ. ಅದನ್ನು ಓದಿಯೂ ಓದದೆ ಮುಂದಕ್ಕೆ ತಳ್ಳುವವರಲ್ಲಿ ಕಲಿತವರೇ ಹೆಚ್ಚು ಕಾಣುತ್ತಾರೆ ಎಂಬುದು ನನ್ನ ಬಹುಕಾಲದ ಸಂಕಟ.

ನಿಮ್ಮ ಮೇಲೂ ಒಂದು ಆಕ್ಷೇಪಣೆ ಇದೆ. ಜೋಕು ಕೇಳಿ ಯಾಕೆ ಸುಮ್ಮನಾದಿರಿ? ಒಂದು ಕಾಗದದಲ್ಲಿ ಸಣ್ಣ ಕಿಂಡಿ ಕೊರೆದು, ಮಿಕ್ಕ ಚಿತ್ರವನ್ನೆಲ್ಲ ಮುಚ್ಚಿ, ಗಾಢ ಪಟ್ಟಿಯೊಂದನ್ನೇ ಮನೆಯವರಿಗೆ ತೋರಿಸಿ ಬಣ್ಣ ಕೇಳಿ. ಆಮೇಲೆ ಕಾಗದ ತೆಗೆದು, ಬೆಳಕು ಎಲ್ಲಿಂದ ಬಿದ್ದಂತಿದೆ ಎಂದು ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿ. ಅವರ ಉತ್ತರಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ