ನೋವಿಲ್ಲದ ಹುಣ್ಣಿಗೆ ಐದು ವಾರ

ಸಂಪಾದಕರಿಗೆ ನಮಸ್ಕಾರ. ನಮ್ಮತ್ತೆಗೆ 62 ವರ್ಷ. ಎಡಗೆನ್ನೆಯ ಒಳಗೆ ಒಂದು ಹುಣ್ಣಾಗಿ ಐದು ವಾರ ಆಯ್ತು. ನೋವಿಲ್ಲ, ಊಟಕ್ಕೂ ತೊಂದರೆ ಇಲ್ಲ. ಉಷ್ಣ ಅಂತ ಮಜ್ಜಿಗೆ, ಜೀರಿಗೆ ಕಷಾಯ ಕೊಟ್ಟೆವು. ಮೆಡಿಕಲ್ ಶಾಪಿನವರು ಕೊಟ್ಟ ಬಿ ಕಾಂಪ್ಲೆಕ್ಸ್ ಮುಗಿಯಿತು, ಎರಡು ಬಗೆಯ ಮುಲಾಮೂ ಮುಗಿಯಿತು. ದಿನಕ್ಕೆ ಏಳೆಂಟು ಎಲೆ-ಅಡಿಕೆ ಕವಳ ಹಾಕುತ್ತಾರೆ, ಹೊಗೆಸೊಪ್ಪು ಇರುತ್ತದೆ. ಡಾಕ್ಟರಿಗೆ ತೋರಿಸೋಣ ಅಂದರೆ “ಕತ್ತರಿ ತಾಗಿಸಿದರೆ ಇಲ್ಲದ್ದೆಲ್ಲ ಎದ್ದುಕೊಳ್ಳುತ್ತೆ” ಅನ್ನುತ್ತಾರೆ. ನೋವೇ ಇಲ್ಲದ ಹುಣ್ಣಿಗೆ ನಿಜವಾಗಿ ಡಾಕ್ಟರು ಬೇಕಾ?
— ಹೆಸರು ಬೇಡ ಎಂದ ಓದುಗರು, ಸಾಗರ ತಾಲೂಕು

ಬೇಕು. ಈ ವಾರವೇ ಕರೆದುಕೊಂಡು ಹೋಗಿ. ಮುಂದಿನದನ್ನು ಅವರನ್ನು ತೋರಿಸಿ ಬಂದ ಮೇಲೆ ಓದಿದರೂ ಆಯ್ತು.

ಬಾಯಿಯ ಹುಣ್ಣು ಮೂರು ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಈ ಮೂರು ವಾರದ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ನಮ್ಮ ಕೆನ್ನೆಯ ಒಳಚರ್ಮ ಮೈಮೇಲಿನ ಚರ್ಮಕ್ಕಿಂತ ಬೇಗ ಹೊಸದಾಗುತ್ತದೆ. ಹಳೆಯ ಪದರ ಹೋಗಿ ಪೂರ್ತಿ ಹೊಸ ಪದರ ಬರಲು ಕೆಲವೇ ವಾರ ಸಾಕು. ಊಟ ಮಾಡುವಾಗ ಕೆನ್ನೆ ಕಚ್ಚಿಕೊಂಡರೆ, ಬಿಸಿ ಕಾಫಿಯಿಂದ ಸುಟ್ಟುಕೊಂಡರೆ, ಪರೀಕ್ಷೆಯ ಹೊತ್ತಿಗೆ ಮಕ್ಕಳಿಗೆ ಏಳುವ ಸಾಮಾನ್ಯ ಹುಣ್ಣಾದರೆ, ಏಳರಿಂದ ಹದಿನಾಲ್ಕು ದಿನದಲ್ಲಿ ಮಾಯುತ್ತದೆ. ಮಜ್ಜಿಗೆ ಕುಡಿದರೂ ಮಾಯುತ್ತದೆ, ಕುಡಿಯದಿದ್ದರೂ ಮಾಯುತ್ತದೆ. ಮೂರನೇ ವಾರ ನಿಧಾನವಾಗಿ ಮಾಯುವ ಹುಣ್ಣಿಗೆ ಕೊಟ್ಟ ಹೆಚ್ಚುವರಿ ಸಮಯ. ಅದನ್ನೂ ದಾಟಿತು ಅಂದರೆ, ಮಾಯಲು ಬಿಡದ ಏನೋ ಒಂದು ಅಲ್ಲಿದೆ ಅಂತ ಅರ್ಥ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯಲ್ಲೂ ಇದೇ ಲೆಕ್ಕವಿದೆ. ಕಾರಣ ಗೊತ್ತಾಗದ ಬಾಯಿ ಹುಣ್ಣು ಮೂರು ವಾರಕ್ಕಿಂತ ಜಾಸ್ತಿ ಉಳಿದರೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ನೋಡಲು ಕಳಿಸಬೇಕು ಎಂದು ಅದು ಹೇಳುತ್ತದೆ. ನಮ್ಮ ಕಡೆಯ ಅನೇಕ ಹಲ್ಲಿನ ಡಾಕ್ಟರುಗಳು ಎರಡು ವಾರಕ್ಕೇ ಬನ್ನಿ ಅನ್ನುತ್ತಾರೆ. ಕವಳ ಹಾಕುವವರಿಗೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಹಾಗಂತ ಮೂರು ವಾರ ದಾಟಿದ್ದೆಲ್ಲ ಕ್ಯಾನ್ಸರ್ ಅಲ್ಲ. ಸಾಮಾನ್ಯ ಹುಣ್ಣಿನಲ್ಲೇ ದೊಡ್ಡ ಬಗೆಯದೊಂದಿದೆ. ಒಂದು ಸೆಂಟಿಮೀಟರಿಗಿಂತ ಅಗಲ ಇರುತ್ತದೆ, ಆರು ವಾರ ಹಿಡಿಯಬಹುದು, ಮಾಯ್ದ ಮೇಲೆ ಕಲೆ ಉಳಿಸುತ್ತದೆ. ಮನೆಯಲ್ಲಿ ಟಾರ್ಚ್ ಹಿಡಿದು ನೋಡಿ ಇದು ಸಾಮಾನ್ಯ ಹುಣ್ಣು, ಇದು ಕ್ಯಾನ್ಸರ್ ಅಂತ ಹೇಳಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು.

ನೋವಿನ ವಿಷಯಕ್ಕೆ ಬರೋಣ. ನೋವಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಸಾಮಾನ್ಯ ಹುಣ್ಣು ಉಪ್ಪು, ಖಾರ ತಾಗಿದರೆ ಜೀವ ಹಿಂಡುತ್ತದೆ. ಸುತ್ತ ಕೆಂಪು ಗೆರೆ, ನಡುವೆ ಹಳದಿ-ಬಿಳಿ ಪೊರೆ, ಮುಟ್ಟಿದರೆ ಮೆತ್ತಗೆ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನರ ತಾಗಿದ ಮೇಲೆ, ಕೀವು ಕಟ್ಟಿದ ಮೇಲೆ ನೋವು ಬರುತ್ತದೆ. ಕೆಲವರಿಗೆ ಅದೇ ಬದಿಯ ಕಿವಿ ನೋಯುತ್ತದೆ, ಕಿವಿಯಲ್ಲಿ ನೋಡಿದರೆ ಏನೂ ಇರುವುದಿಲ್ಲ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಇನ್ನೊಂದು, ಹುಣ್ಣಿರುವ ಜಾಗ. ನಿಮ್ಮ ಅತ್ತೆಯವರು ಕವಳವನ್ನು ಯಾವ ಬದಿಗೆ ಒತ್ತಿಟ್ಟುಕೊಳ್ಳುತ್ತಾರೆ ಅಂತ ಒಮ್ಮೆ ಗಮನಿಸಿ. ಎಡಕ್ಕೇ ಆಗಿದ್ದರೆ ಡಾಕ್ಟರಿಗೆ ಆ ಮಾತನ್ನು ಮೊದಲು ಹೇಳಿ. ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಜಾಸ್ತಿ ಕಾಣುವುದು ಕೆನ್ನೆ ಮತ್ತು ವಸಡಿನ ನಡುವಿನ ಆ ಸಂದಿನಲ್ಲೇ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ತಿಂದರೆ ಪರವಾಗಿಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಮಾರಿದ ದುಡ್ಡಿನಲ್ಲಿ ಓದಿದವನು ನಾನು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯಲೇಬೇಕು.

ಪರೀಕ್ಷೆ ಅಂದರೆ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ. ನನ್ನ ಸೋದರಮಾವನ ಜೊತೆ ನಾನೇ ಹೋಗಿದ್ದೆ. ಅದನ್ನೇ ಹೇಳುತ್ತೇನೆ.

ಮಾವನಿಗೆ ನಾಲಿಗೆಯ ಬಲ ಅಂಚಿನಲ್ಲಿ ಹುಣ್ಣು, ನಾಲ್ಕನೇ ವಾರ. ಡಾಕ್ಟರು ಮೊದಲು ಕೇಳಿದ್ದು ತಾರೀಕು. “ಸುಮಾರು ದಿನದಿಂದ” ಅಂತ ಮಾವ ಅಂದರು. “ಯಾವ ಹಬ್ಬಕ್ಕೆ ಮುಂಚೆ?” ಅಂತ ಕೇಳಿ ವಾರ ಗೊತ್ತುಮಾಡಿಕೊಂಡರು. ಆಮೇಲೆ ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆಳೆದು, ಟಾರ್ಚ್ ಬಿಟ್ಟು ಹಿಂದಿನ ತನಕ ನೋಡಿದರು. ಗ್ಲೌಸ್ ಹಾಕಿದ ಬೆರಳಿನಿಂದ ಹುಣ್ಣಿನ ಸುತ್ತ ಒತ್ತಿ ಒತ್ತಿ ನೋಡಿದರು. ಈ ಬೆರಳಿನ ಪರೀಕ್ಷೆಯೇ ಮುಖ್ಯ. ಕಣ್ಣಿಗೆ ಕಾಣುವುದು ಮೇಲಿನ ಗಾಯ ಮಾತ್ರ. ಅಂಚು, ಅಡಿ ಗಟ್ಟಿಯಾಗಿವೆಯೋ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಕೊನೆಗೆ ದವಡೆಯ ಕೆಳಗೆ, ಕತ್ತಿನ ಎರಡೂ ಬದಿ ಗಂಟಿದೆಯಾ ಅಂತ ತಡವಿದರು. ಇಷ್ಟಕ್ಕೆ ಹತ್ತು ನಿಮಿಷ.

ಹುಣ್ಣಿಗೆ ಎದುರಾಗಿ ಒಂದು ಮುರಿದ ದವಡೆ ಹಲ್ಲಿತ್ತು. ಅದರ ಮೊನೆ ನಾಲಿಗೆಗೆ ಉಜ್ಜುತ್ತಿತ್ತು. ಕಾರಣ ಸಿಕ್ಕಿತು ಅಂತ ನಾವಿಬ್ಬರೂ ಉಸಿರು ಬಿಟ್ಟೆವು. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮೊನೆಯನ್ನು ಉಜ್ಜಿ ನುಣ್ಣಗೆ ಮಾಡಿದರು, ಮುಲಾಮು ಏನೂ ಬರೆದುಕೊಡಲಿಲ್ಲ. ಚೀಟಿಯಲ್ಲಿ ಹದಿನಾಲ್ಕು ದಿನದ ಮುಂದಿನ ತಾರೀಕು ಬರೆದರು. “ಹಲ್ಲೇ ಕಾರಣ ಆಗಿದ್ದರೆ ಇಷ್ಟರಲ್ಲಿ ಹೋಗಬೇಕು. ಹೋದರೂ ಬಂದು ತೋರಿಸಿ” ಅಂದರು.

ಹುಣ್ಣು ಹೋಗಲಿಲ್ಲ. ಆ ದಿನ ಒತ್ತಿದಾಗ ಒಂದು ಕಡೆಯ ಅಂಚು ಗಟ್ಟಿಯಾಗಿ ಸಿಕ್ಕಿತು. ಅಲ್ಲೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಂಚಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರು ತೆಗೆದು, ಒಂದು ಹೊಲಿಗೆ ಹಾಕಿದರು. ಹೀಗೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದಕ್ಕೇ ಬಯಾಪ್ಸಿ ಅನ್ನುತ್ತಾರೆ. ಸಂಜೆಗೆ ಮಾವ ಗಂಜಿ ಕುಡಿದರು. ಎಂಟನೇ ದಿನ ರಿಪೋರ್ಟ್ ಬಂತು. ಕ್ಯಾನ್ಸರ್. ಆದರೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಆಳಕ್ಕೂ ಇಳಿದಿರಲಿಲ್ಲ. ಆಪರೇಷನ್ ಮಾಡಿ ನಾಲಿಗೆಯ ಆ ಭಾಗ ಮತ್ತು ಆ ಬದಿಯ ಕತ್ತಿನ ಗ್ರಂಥಿಗಳನ್ನು ತೆಗೆದರು. ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಕರೆಂಟ್ ಕೊಡುವುದು ಅಂತ ಜನ ಕರೆಯುವ ರೇಡಿಯೇಷನ್ ಚಿಕಿತ್ಸೆ ಬೇಕಾಗಲಿಲ್ಲ. ಇದು ಆರು ವರ್ಷದ ಹಿಂದಿನ ಮಾತು. ಮಾವನಿಗೆ “ಸ” ಅಕ್ಷರ ಸ್ವಲ್ಪ ತೊದಲುತ್ತದೆ, ರೊಟ್ಟಿ ತಿನ್ನುತ್ತಾರೆ. ಕತ್ತಿನ ಗ್ರಂಥಿಗೆ ಒಮ್ಮೆ ಇಳಿದಿದ್ದರೆ ಬದುಕುವ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತಿತ್ತು. ಹಲ್ಲಿನ ಮೊನೆ ಸಿಕ್ಕಿತು ಅಂತ ಅಂದು ಮನೆಗೆ ಬಂದು ಸುಮ್ನೆ ಕೂತಿದ್ದರೆ ಏನಾಗುತ್ತಿತ್ತು ಅಂತ ನನಗೆ ಈಗಲೂ ಆಗಾಗ ನೆನಪಾಗುತ್ತದೆ.

ಕತ್ತರಿ ತಾಗಿಸಿದರೆ ಎದ್ದುಕೊಳ್ಳುತ್ತೆ ಅನ್ನುವ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ಇಲ್ಲದ ಕ್ಯಾನ್ಸರನ್ನು ಕತ್ತರಿ ಹುಟ್ಟಿಸುವುದಿಲ್ಲ. ಇರುವುದನ್ನು ತೋರಿಸಿಕೊಡುತ್ತದೆ, ಅಷ್ಟೆ. ಜನ ತಡವಾಗಿ ಹೋಗುತ್ತಾರೆ, ಬಯಾಪ್ಸಿ ಆದ ಸ್ವಲ್ಪ ದಿನಕ್ಕೆ ಕಾಯಿಲೆ ಬೆಳೆದದ್ದು ಕಾಣುತ್ತದೆ, ಅಪವಾದ ಬಯಾಪ್ಸಿಯ ಮೇಲೆ ಬರುತ್ತದೆ. ಚೂರನ್ನು ನಡುವಿನಿಂದ ತೆಗೆಯದೆ ಅಂಚಿನಿಂದ ತೆಗೆಯುವುದಕ್ಕೂ ಕಾರಣವಿದೆ. ನಡುವೆ ಸತ್ತ ಕೋಶ, ಕೀವು ಮಾತ್ರ ಸಿಗಬಹುದು. ಒಂದು ಮಿತಿಯನ್ನೂ ಹೇಳಬೇಕು. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದು, ಹುಣ್ಣು ಮಾತ್ರ ಹಾಗೇ ಇದ್ದರೆ, ಮತ್ತೆ ಹೋಗಿ ಇನ್ನೊಮ್ಮೆ ಬಯಾಪ್ಸಿ ಬೇಕಾ ಅಂತ ಕೇಳಿ. ಮೊದಲನೇ ಚೂರಿನಲ್ಲಿ ತಪ್ಪಿಹೋಗುವುದುಂಟು.

ಮುಲಾಮಿನ ಬಗ್ಗೆಯೂ ಎರಡು ಮಾತು. ಬಾಯಿಗೆ ಹಚ್ಚುವ ಮುಲಾಮುಗಳಲ್ಲಿ ಕೆಲವು ಮರಗಟ್ಟಿಸುತ್ತವೆ, ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಕೆಂಪು, ಊತ ಇಳಿಸಿ ಹುಣ್ಣು ನಾಲ್ಕು ದಿನ ಚೆನ್ನಾಗಾದ ಹಾಗೆ ತೋರಿಸಬಹುದು. ನಾವೂ ಅದಕ್ಕೆ ಸರಿಯಾಗಿ ಹೊಸ ಟ್ಯೂಬ್ ತಂದಾಗಲೆಲ್ಲ “ಇದನ್ನೊಂದು ವಾರ ನೋಡೋಣ” ಅಂತ ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡುತ್ತೇವೆ. ಲೆಕ್ಕ ಶುರುವಾಗುವುದು ಹುಣ್ಣು ಮೊದಲು ಕಂಡ ದಿನದಿಂದ. ಟ್ಯೂಬ್ ಬದಲಾದರೆ ಅದು ಬದಲಾಗುವುದಿಲ್ಲ. ಬಿ ಕಾಂಪ್ಲೆಕ್ಸ್ ಬೇಕಾಗುವುದು ಮೈಯಲ್ಲಿ ಅದರ ಕೊರತೆ ಇದ್ದಾಗ. ಆಗ ಹುಣ್ಣು ಬಂದು ಹೋಗಿ, ಮತ್ತೆ ಬೇರೆ ಜಾಗದಲ್ಲಿ ಏಳುವುದು ಜಾಸ್ತಿ. ಒಂದೇ ಜಾಗದಲ್ಲಿ ಕದಲದೆ ಕೂತ ಒಂದೇ ಹುಣ್ಣನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಕ್ಯಾನ್ಸರ್ ಅಲ್ಲದಿದ್ದರೂ ಪರೀಕ್ಷೆ ವ್ಯರ್ಥವಲ್ಲ. ಕ್ಷಯ ಕೂಡ ಕೆಲವೊಮ್ಮೆ ಬಾಯಲ್ಲಿ ಹುಣ್ಣಾಗಿ ಕಾಣುತ್ತದೆ. ಮೈಯೆಲ್ಲ ಬೊಬ್ಬೆ ಏಳುವ ಒಂದು ಚರ್ಮರೋಗ ಬಹಳ ಸಲ ತಿಂಗಳುಗಟ್ಟಲೆ ಮುಂಚೆ ಬಾಯಲ್ಲೇ ಶುರುವಾಗುತ್ತದೆ. ಎದೆನೋವಿಗೆ ಕೊಡುವ ನಿಕೊರಾಂಡಿಲ್ ಮಾತ್ರೆಯಿಂದ ಮಾಯದ ಹುಣ್ಣಾಗುವುದುಂಟು. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಗೊತ್ತಿಲ್ಲದೆ ದಿನಾ ನುಂಗಿ ಬಾಯೆಲ್ಲ ಹುಣ್ಣಾದರೆ ಅದು ಅಪಾಯ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅತ್ತೆಯವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಬಿಪಿ, ಶುಗರ್ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಮೊದಲು ದೊಡ್ಡ ಊರಿಗೆ ಓಡಬೇಕಿಲ್ಲ. ತಾಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರು ಅಥವಾ ಕಿವಿ-ಮೂಗು-ಗಂಟಲು ಡಾಕ್ಟರು ಈ ಮೊದಲ ಪರೀಕ್ಷೆ ಮಾಡಬಲ್ಲರು. ಬಯಾಪ್ಸಿ ಬೇಕೆಂದರೆ ಎಲ್ಲಿ ಆಗುತ್ತದೆ ಅಂತ ಅವರೇ ಹೇಳುತ್ತಾರೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ಮಾತು ರಿಪೋರ್ಟ್ ಬಂದ ಮೇಲಿನದು.

ಹೊರಡುವ ಮುಂಚೆ ಬಾಯಿಗೆ ಅರಿಶಿನ, ಮುಲಾಮು ಏನೂ ಹಚ್ಚಬೇಡಿ, ಬರೀ ನೀರಲ್ಲಿ ಮುಕ್ಕಳಿಸಿದರೆ ಸಾಕು. ಇವತ್ತೇ ಮೊಬೈಲಿನಲ್ಲಿ ಹುಣ್ಣಿನ ಒಂದು ಫೋಟೋ ತೆಗೆದಿಡಿ. ಬಾಯಿ ತೆರೆದಾಗ ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೆಟ್ಟಗೆ ತೂರುತ್ತವಾ ನೋಡಿ. ಅಡಿಕೆಯಿಂದ ಕೆನ್ನೆ ಬಿಗಿದುಕೊಂಡಿದ್ದರೆ ತೂರುವುದಿಲ್ಲ, ಅದನ್ನೂ ಡಾಕ್ಟರಿಗೆ ಹೇಳಬೇಕು. ಹಲ್ಲು ಕಾರಣವಿಲ್ಲದೆ ಅಲ್ಲಾಡುತ್ತಿದ್ದರೆ, ತುಟಿ ಅಥವಾ ಗಲ್ಲ ಜೋಮು ಹಿಡಿದಂತಿದ್ದರೆ, ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ, ನಾಳೆಯೇ ಹೋಗಿ. ಕವಳವನ್ನು ಇವತ್ತಿನಿಂದಲೇ ನಿಲ್ಲಿಸಲಿ. ನಿಲ್ಲಿಸಿದ ಮೇಲೆ ಹುಣ್ಣು ಚಿಕ್ಕದಾದ ಹಾಗೆ ಕಂಡರೂ ಹೋಗುವುದನ್ನು ಬಿಡಬೇಡಿ.

ಅತ್ತೆಯವರಿಗೆ ಬಯಾಪ್ಸಿಯ ಮಾತನ್ನು ಮೊದಲೇ ಎತ್ತಬೇಡಿ ಅಂತ ನಾನು ಹೇಳುವುದಿಲ್ಲ, ಮುಚ್ಚಿಟ್ಟರೆ ಅಲ್ಲಿ ಹೋದ ಮೇಲೆ ಹೆದರಿ ಎದ್ದುಬಿಡುತ್ತಾರೆ. “ಮೊದಲ ದಿನ ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಚೂರು ತೆಗೆಯಬೇಕು ಅಂದರೆ ನಿಮ್ಮನ್ನು ಕೇಳಿಯೇ ತೆಗೆಯುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ” ಅಂತ ಹೇಳಿ. ನಮ್ಮ ಮಾವ ಕೊನೆಗೆ ಒಪ್ಪಿದ್ದು ಈ ಮಾತಿಗೇ. ಡಾಕ್ಟರು ಏನಂದರು ಅಂತ ಒಂದು ಸಾಲು ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ